ಹಳೇ ಆರ್ಡರು, ಇವತ್ತಿನ ರೇಟು

ಕಿರಾಣಿ ಅಂಗಡಿಗೆ ವಿತರಕರ ಸೇಲ್ಸ್‌ಮನ್ ಬರುವ ಹೊತ್ತಿಗೆ ಸಾಮಾನ್ಯವಾಗಿ ಗಿರಾಕಿಗಳೂ ಇರುತ್ತಾರೆ. ಅಂಗಡಿಯವರು ತಕ್ಕಡಿಯಿಂದ ಕಣ್ಣು ತೆಗೆಯದೆ "ಹೋದ ಸಲದ್ದೇ ಬರ್ಕೊಳ್ರೀ" ಅನ್ನುತ್ತಾರೆ. ಸೇಲ್ಸ್‌ಮನ್ ಬರೆದುಕೊಳ್ಳುತ್ತಾನೆ, ಆದರೆ ಸುಮ್ಮನೆ ಬರೆದುಕೊಳ್ಳುವುದಿಲ್ಲ. "ಅಣ್ಣಾ, ಪೇಸ್ಟು ಒಂದೇ ಕೇಸು ಉಳಿದೈತಿ. ಬಿಸ್ಕತ್ತಿನ ಸ್ಕೀಮು ಹೋದ ತಿಂಗಳೇ ಮುಗೀತು. ಬಟ್ಟೆ ಪುಡಿ ರೇಟು ಏರೈತಿ, ಹಾಕ್ಲೇನು?" ಎಂದು ಕೇಳುತ್ತಾನೆ. ಅಂಗಡಿಯವರು ಎರಡು ಮಾತಲ್ಲಿ ಉತ್ತರ ಹೇಳಿ ಮುಗಿಸುತ್ತಾರೆ.

ಈಗ ಅನೇಕ ವಿತರಕರು ಮತ್ತು ಸಗಟು ವ್ಯಾಪಾರಿಗಳು ತಮ್ಮ ಗ್ರಾಹಕರಿಗಾಗಿ ಪೋರ್ಟಲ್ ಮಾಡಿಸಿಕೊಂಡಿದ್ದಾರೆ. ಅಂಗಡಿಯವರು ಮೊಬೈಲಿನಲ್ಲಿ ಲಾಗಿನ್ ಆಗಿ ಹಳೆಯ ಬಿಲ್ಲುಗಳನ್ನು ನೋಡಬಹುದು, ಬಾಕಿ ಎಷ್ಟಿದೆ ಎಂದು ತಿಳಿಯಬಹುದು, ರಾತ್ರಿ ಅಂಗಡಿ ಮುಚ್ಚಿದ ಮೇಲೂ ಆರ್ಡರ್ ಹಾಕಬಹುದು. ಪ್ರತಿ ಹಳೆಯ ಆರ್ಡರಿನ ಪಕ್ಕದಲ್ಲಿ "ಮತ್ತೆ ಆರ್ಡರ್ ಮಾಡಿ" ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಇಪ್ಪತ್ತು ಮೂವತ್ತು ಸಾಮಾನುಗಳನ್ನು ಒಂದೊಂದಾಗಿ ಹುಡುಕುವ ಕೆಲಸ ತಪ್ಪುತ್ತದೆ. ಸೇಲ್ಸ್‌ಮನ್ ಬರೆದುಕೊಂಡ ಪಟ್ಟಿಯನ್ನು ಈ ಗುಂಡಿ ಸುಲಭವಾಗಿ ನಕಲು ಮಾಡುತ್ತದೆ. ಪಟ್ಟಿ ಬರೆದ ಮೇಲೆ ಅವನು ಕೇಳಿದ ಪ್ರಶ್ನೆಗಳನ್ನೂ ಕೇಳುವಂತೆ ಅದನ್ನು ಕಟ್ಟುವುದು ಕಷ್ಟದ ಕೆಲಸ.

ಯಾಕೆ ಕಷ್ಟ ಎಂಬುದನ್ನು ಒಂದು ಲೆಕ್ಕ ಹಾಕಿಯೇ ನೋಡಬೇಕು. ದಾವಣಗೆರೆಯ ಒಂದು ಅಂಗಡಿ ಎಂದಿಟ್ಟುಕೊಳ್ಳೋಣ. 2025ರ ಆಗಸ್ಟ್ 18ರಂದು ಅದು ವಿತರಕರಿಂದ ನಾಲ್ಕು ಬಗೆಯ ಸಾಮಾನು ತರಿಸಿದೆ. ತೆರಿಗೆಗೆ ಮುಂಚಿನ ದರದಲ್ಲಿ ಮೈಸೋಪು ಕೇಸಿಗೆ 2,000 ರೂಪಾಯಿಯಂತೆ 4 ಕೇಸು, ಬಟ್ಟೆ ಒಗೆಯುವ ಪುಡಿ ಚೀಲಕ್ಕೆ 1,500ರಂತೆ 5 ಚೀಲ, ಬಿಸ್ಕತ್ತು ಡಬ್ಬಕ್ಕೆ 600ರಂತೆ 10 ಡಬ್ಬ, ಟೂತ್‌ಪೇಸ್ಟ್ ಕೇಸಿಗೆ 3,000ರಂತೆ 2 ಕೇಸು. ಆಗ ನಾಲ್ಕಕ್ಕೂ ಜಿಎಸ್‌ಟಿ ಶೇಕಡಾ 18. ಒಟ್ಟು ಬಿಲ್ಲು 32,450 ರೂಪಾಯಿ. ಹತ್ತು ಡಬ್ಬ ಬಿಸ್ಕತ್ತಿಗೆ ಒಂದು ಡಬ್ಬ ಉಚಿತ ಎಂಬ ಸ್ಕೀಮು ಇದ್ದುದರಿಂದ ಒಂದು ಡಬ್ಬ ಹೆಚ್ಚಿಗೆ ಬಂದಿತ್ತು.

ಅಕ್ಟೋಬರ್ 10ರ ರಾತ್ರಿ, ದೀಪಾವಳಿಗೆ ಇನ್ನು ಹತ್ತೇ ದಿನ ಇರುವಾಗ, ಅಂಗಡಿಯವರು ಅದೇ ಆರ್ಡರನ್ನು ತೆರೆದು "ಮತ್ತೆ ಆರ್ಡರ್ ಮಾಡಿ" ಒತ್ತುತ್ತಾರೆ. ಈ ಎರಡು ದಿನಾಂಕಗಳ ನಡುವೆ ದೊಡ್ಡದೊಂದು ಬದಲಾವಣೆ ಆಗಿದೆ. ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆಯ ತೀರ್ಮಾನದಂತೆ ಸೆಪ್ಟೆಂಬರ್ 22ರಿಂದ ಅನೇಕ ದಿನಬಳಕೆ ವಸ್ತುಗಳ ತೆರಿಗೆ ಇಳಿದಿದೆ. ಮೈಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ಶೇಕಡಾ 18ರಿಂದ 5ಕ್ಕೆ ಬಂದಿವೆ. ಬಟ್ಟೆ ಪುಡಿ ಮಾತ್ರ 18ರಲ್ಲೇ ಉಳಿದಿದೆ. ಅದರ ಮೇಲೆ ಕಂಪನಿ ಆ ಪುಡಿಯ ಮೂಲ ದರವನ್ನು 1,560ಕ್ಕೆ ಏರಿಸಿದೆ ಎಂದುಕೊಳ್ಳೋಣ. ಇವತ್ತಿನ ದರದಲ್ಲಿ ಸರಿಯಾಗಿ ಲೆಕ್ಕ ಹಾಕಿದರೆ ಸೋಪಿಗೆ 8,400, ಪುಡಿಗೆ 9,204, ಬಿಸ್ಕತ್ತಿಗೆ 6,300, ಪೇಸ್ಟಿಗೆ 6,300, ಒಟ್ಟು 30,204 ರೂಪಾಯಿ ಆಗುತ್ತದೆ.

ಹಳೆಯ ಬಿಲ್ಲನ್ನೇ ನಕಲು ಮಾಡುವ ಗುಂಡಿ 32,450 ಎಂದೇ ತೋರಿಸುತ್ತದೆ. ವ್ಯತ್ಯಾಸ 2,246 ರೂಪಾಯಿ. ಈ ಒಂದು ಅಂಕಿಯೊಳಗೆ ಎರಡು ತಪ್ಪುಗಳು ಸೇರಿಕೊಂಡಿವೆ. ಮೂರು ಸಾಮಾನುಗಳ ತೆರಿಗೆಯಲ್ಲಿ ಅಂಗಡಿಯವರಿಂದ 2,600 ರೂಪಾಯಿ ಹೆಚ್ಚಿಗೆ ಕೇಳಿದಂತಾಯಿತು. ಪುಡಿಯಲ್ಲಿ ವಿತರಕರಿಗೆ 354 ರೂಪಾಯಿ ಕಡಿಮೆ ಬಂದಂತಾಯಿತು. ಒಂದು ಇನ್ನೊಂದನ್ನು ಸ್ವಲ್ಪ ಮುಚ್ಚಿಹಾಕುವುದರಿಂದ ಒಟ್ಟು ಮೊತ್ತವನ್ನಷ್ಟೇ ನೋಡುವವರಿಗೆ ತಪ್ಪಿನ ನಿಜವಾದ ಅಳತೆ ಗೊತ್ತಾಗುವುದಿಲ್ಲ. ಮೊತ್ತ ಹತ್ತಿರ ಹತ್ತಿರ ಇದ್ದರೆ ಸರಿಯಿದೆ ಎಂದು ಬಿಟ್ಟುಬಿಡುವ ಅಭ್ಯಾಸ ಇಲ್ಲಿ ಅಪಾಯಕಾರಿ. ಆ ಬಿಲ್ಲು ಹಾಗೇ ಹೊರಗೆ ಹೋದರೆ ಆಮೇಲೆ ವಿತರಕರು ಕ್ರೆಡಿಟ್ ನೋಟ್ ಕೊಟ್ಟು ತೆರಿಗೆ ಲೆಕ್ಕ ತಿದ್ದಿಕೊಳ್ಳಬೇಕು. ನೂರು ಅಂಗಡಿಗಳಿಗೆ ಹೀಗಾದರೆ ಲೆಕ್ಕಿಗರ ಒಂದು ವಾರ ಅದರಲ್ಲೇ ಕಳೆಯುತ್ತದೆ.

ತಪ್ಪಿನ ಬೇರು ಹುಡುಕಲು ಪೋರ್ಟಲ್ಲಿನ ಹಿಂದಿರುವ ದತ್ತಾಂಶ ಹೇಗೆ ಕುಳಿತಿರುತ್ತದೆ ಎಂದು ತಿಳಿಯಬೇಕು. ಬೆಲೆ ಎಂಬುದು ಅಲ್ಲಿ ಎರಡು ಕಡೆ ಇರುತ್ತದೆ. ಸಾಮಾನಿನ ಪಟ್ಟಿಯಲ್ಲಿರುವುದು ಇವತ್ತಿನ ದರ; ಕಂಪನಿ ದರ ಬದಲಿಸಿದಾಗಲೆಲ್ಲ ಅದು ಬದಲಾಗುತ್ತದೆ. ಹಳೆಯ ಆರ್ಡರಿನ ಪ್ರತಿ ಸಾಲಿನಲ್ಲಿರುವುದು ಮಾರಿದ ದಿನದ ದರ, ಅಂದಿನ ತೆರಿಗೆ, ಅಂದಿನ ರಿಯಾಯಿತಿ. ಅದು ಎಂದಿಗೂ ಬದಲಾಗಬಾರದು, ಯಾಕೆಂದರೆ ಅದು ದಾಖಲೆ. ನಾಳೆ ಸಾಮಾನು ವಾಪಸು ಬಂದರೂ, ಲೆಕ್ಕ ತಪಾಸಣೆ ಆದರೂ ಆಗಸ್ಟ್ 18ರಂದು ಸೋಪು ಎಷ್ಟಕ್ಕೆ ಹೋಯಿತು ಎಂಬುದಕ್ಕೆ ಅದೇ ಆಧಾರ. ಅವಸರದಲ್ಲಿ ಮಾಡಿದ ಪೋರ್ಟಲ್ ಹಳೆಯ ಆರ್ಡರಿನ ಸಾಲುಗಳನ್ನು ಇಡಿಯಾಗಿ ಎತ್ತಿ ಹೊಸ ಆರ್ಡರಿಗೆ ಹಾಕುತ್ತದೆ. ಆಗ ದಾಖಲೆಯಲ್ಲಿ ಉಳಿಯಬೇಕಾದ ಬೆಲೆ ಹೊಸ ವ್ಯಾಪಾರದೊಳಕ್ಕೆ ಬಂದುಬಿಡುತ್ತದೆ.

ಸರಿಯಾದ ಕ್ರಮದಲ್ಲಿ ಹಳೆಯ ಸಾಲಿನಿಂದ ಮೂರೇ ಸಂಗತಿಗಳನ್ನು ತೆಗೆದುಕೊಳ್ಳುತ್ತಾರೆ: ಯಾವ ಸಾಮಾನು, ಎಷ್ಟು, ಯಾವ ಅಳತೆಯಲ್ಲಿ. ಉಳಿದದ್ದೆಲ್ಲವನ್ನೂ ಹೊಸದಾಗಿ ಕೇಳಬೇಕು. ಈ ಅಂಗಡಿಗೆ ಅನ್ವಯಿಸುವ ದರಪಟ್ಟಿ ಯಾವುದು, ಇಷ್ಟು ಕೇಸು ತೆಗೆದುಕೊಂಡರೆ ದರ ಇಳಿಯುತ್ತದೆಯೇ, ಸ್ಕೀಮು ಇವತ್ತು ಜಾರಿಯಲ್ಲಿದೆಯೇ, ತೆರಿಗೆ ಎಷ್ಟು, ಎಲ್ಲಿಗೆ ಕಳಿಸಬೇಕು. ಮೂರನೆಯ ಸಂಗತಿಯಾದ ಅಳತೆಯನ್ನು ಮರೆಯುವವರು ಹೆಚ್ಚು. ಕಂಪನಿಗಳು ಕೇಸಿನೊಳಗಿನ ಸಂಖ್ಯೆಯನ್ನು ಆಗಾಗ ಬದಲಿಸುತ್ತವೆ. ಆಗಸ್ಟಿನಲ್ಲಿ 72 ಸೋಪಿನ ಕೇಸು ಅಕ್ಟೋಬರಿನಲ್ಲಿ 96ರದ್ದು ಆಗಿದ್ದರೆ "4 ಕೇಸು" ಎಂಬ ನಕಲು 288ರ ಬದಲು 384 ಸೋಪುಗಳನ್ನು ತರುತ್ತದೆ. ಅಂಗಡಿಯವರಿಗೆ ಅದು ತಿಳಿಯುವುದು ಗಾಡಿ ಬಾಗಿಲಲ್ಲಿ ನಿಂತಾಗ. ಆದ್ದರಿಂದ ಅಳತೆ ಬದಲಾದ ಸಾಲನ್ನು ಪೋರ್ಟಲ್ ತಾನಾಗಿ ಸೇರಿಸದೆ ತಡೆದು, ಹಳೆಯ ಕೇಸು ಹೊಸ ಕೇಸು ಎರಡನ್ನೂ ತೋರಿಸಿ ಕೇಳಬೇಕು.

ಇಷ್ಟೆಲ್ಲ ಮಾಡಿದರೂ ಹೊಸ ಬೆಲೆಯನ್ನು ಕೊಳ್ಳುವವರಿಗೆ ಯಾವಾಗ ತೋರಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಇದರ ಮೇಲೆ ಜರ್ಮನಿಯಲ್ಲಿ ಒಂದು ಮೊಕದ್ದಮೆಯೇ ನಡೆಯಿತು.

2015ರ ಮಾರ್ಚ್ 31ರಂದು ಅಮೆಜಾನ್ ಕಂಪನಿ ಡ್ಯಾಶ್ ಬಟನ್ ಎಂಬ ಪುಟ್ಟ ಸಾಧನವನ್ನು ಪ್ರಕಟಿಸಿತು. ಬಟ್ಟೆ ಒಗೆಯುವ ಯಂತ್ರಕ್ಕೋ ಅಡುಗೆಮನೆಯ ಕಪಾಟಿಗೋ ಅಂಟಿಸಿಕೊಳ್ಳಬಹುದಾದ ಗುಂಡಿ ಅದು. ಒಂದೊಂದು ಗುಂಡಿ ಒಂದೊಂದು ಬ್ರಾಂಡಿಗೆ ಮೀಸಲು. ಸೋಪಿನ ಪುಡಿ ಮುಗಿಯಿತು ಎಂದು ಕಂಡಾಗ ಒತ್ತಿದರೆ ಮನೆಯ ವೈಫೈ ಮೂಲಕ ಆರ್ಡರ್ ಹೋಗುತ್ತಿತ್ತು. ಮರು ಆರ್ಡರಿನ ದಾರಿಯನ್ನು ಇದಕ್ಕಿಂತ ಹತ್ತಿರ ಮಾಡುವುದು ಸಾಧ್ಯವಿರಲಿಲ್ಲ, ಪರದೆಯನ್ನೇ ತೆಗೆದುಹಾಕಿದ್ದರು. ಪರದೆ ಇಲ್ಲದ ಮೇಲೆ ಬೆಲೆ ಕಾಣುವುದೂ ಇಲ್ಲ. ಮೊದಲ ಸಲ ಗುಂಡಿಯನ್ನು ಹೊಂದಿಸುವಾಗ ಕಂಡ ಬೆಲೆ ಒಂದು, ಮೂರು ತಿಂಗಳ ಮೇಲೆ ಒತ್ತಿದಾಗಿನ ಬೆಲೆ ಇನ್ನೊಂದು ಆಗಬಹುದಿತ್ತು.

ಜರ್ಮನಿಯ ನಾರ್ತ್ ರೈನ್ ವೆಸ್ಟ್‌ಫೇಲಿಯಾ ರಾಜ್ಯದ ಗ್ರಾಹಕ ಸಂಘಟನೆ ಇದನ್ನು ನ್ಯಾಯಾಲಯಕ್ಕೆ ಒಯ್ದಿತು. ಮ್ಯೂನಿಕ್‌ನ ಕೆಳ ನ್ಯಾಯಾಲಯ 2018ರಲ್ಲೂ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2019ರ ಜನವರಿ 10ರಂದೂ ಸಂಘಟನೆಯ ಪರವಾಗಿ ತೀರ್ಪು ಕೊಟ್ಟವು. ಏನು ಕೊಳ್ಳುತ್ತಿದ್ದೇನೆ, ಎಷ್ಟಕ್ಕೆ ಕೊಳ್ಳುತ್ತಿದ್ದೇನೆ ಎಂಬ ಮಾಹಿತಿ ಆರ್ಡರ್ ಮಾಡುವ ಮುಂಚಿನ ಕ್ಷಣದಲ್ಲೇ ಗ್ರಾಹಕನ ಮುಂದೆ ಇರಬೇಕು. ಬೆಲೆ ಬದಲಾಗಬಹುದು, ಬೇರೆ ಸಾಮಾನು ಬರಬಹುದು ಎಂದು ಷರತ್ತಿನಲ್ಲಿ ಬರೆದುಕೊಂಡರೆ ಸಾಲದು ಎಂಬುದು ತೀರ್ಪಿನ ತಿರುಳು. ಆ ವರ್ಷದ ಫೆಬ್ರವರಿ ಕೊನೆಗೆ ಕಂಪನಿ ಡ್ಯಾಶ್ ಬಟನ್ ಮಾರಾಟವನ್ನು ಎಲ್ಲೆಡೆ ನಿಲ್ಲಿಸಿತು. ಅದಕ್ಕೆ ಈ ತೀರ್ಪೊಂದೇ ಕಾರಣ ಎನ್ನಲಾಗದು, ಅಷ್ಟು ಹೊತ್ತಿಗೆ ಮೊಬೈಲ್ ಆಪ್‌ ಮತ್ತು ಧ್ವನಿಯ ಮೂಲಕ ಆರ್ಡರ್ ಮಾಡುವವರು ಹೆಚ್ಚಾಗಿದ್ದರು. ಆದರೆ ಮರು ಆರ್ಡರಿನ ವೇಗಕ್ಕೆ ಗಡಿ ಎಲ್ಲಿ ಎಂಬುದನ್ನು ಆ ತೀರ್ಪು ಬಹಳ ನಿಖರವಾಗಿ ತೋರಿಸಿಕೊಟ್ಟಿತು.

ನಮ್ಮ ದೇಶದಲ್ಲೂ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು 2020ರಲ್ಲಿ ಬಂದಿವೆ. ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ಒಡೆದ ಲೆಕ್ಕದ ಜೊತೆಗೆ ತೋರಿಸಬೇಕು, ಗ್ರಾಹಕರ ಒಪ್ಪಿಗೆಯನ್ನು ಮೊದಲೇ ಟಿಕ್ ಹಾಕಿಟ್ಟು ಪಡೆಯಬಾರದು ಎಂದು ಅವು ಹೇಳುತ್ತವೆ. ದಾವಣಗೆರೆಯ ನಮ್ಮ ಅಂಗಡಿಯವರಿಗೆ ಮಾತ್ರ ಇದರ ಆಸರೆ ಸಿಗುವುದು ಕಷ್ಟ. ಮರುಮಾರಾಟಕ್ಕೆಂದು ಸಾಮಾನು ಕೊಳ್ಳುವವರು ಆ ಕಾಯಿದೆಯ ಪ್ರಕಾರ "ಗ್ರಾಹಕ" ಅನ್ನಿಸಿಕೊಳ್ಳುವುದಿಲ್ಲ. ಸಗಟು ಪೋರ್ಟಲ್ಲಿನಲ್ಲಿ ಬೆಲೆಯನ್ನು ಮೊದಲೇ ತೋರಿಸುವುದು ವಿತರಕರ ಮತ್ತು ಪೋರ್ಟಲ್ ಕಟ್ಟುವವರ ಹೊಣೆಗಾರಿಕೆಯ ಮೇಲೇ ನಿಂತಿದೆ.

ಚೆನ್ನಾಗಿ ಕಟ್ಟಿದ ಪೋರ್ಟಲ್ಲಿನಲ್ಲಿ "ಮತ್ತೆ ಆರ್ಡರ್ ಮಾಡಿ" ಒತ್ತಿದ ಕೂಡಲೇ ಆರ್ಡರ್ ಆಗುವುದಿಲ್ಲ. ಕಾರ್ಟ್ ತುಂಬುತ್ತದೆ ಅಷ್ಟೇ. ಅಲ್ಲಿ ಪ್ರತಿ ಸಾಲಿನಲ್ಲೂ ಅಂದಿನ ದರ ಇಂದಿನ ದರ ಅಕ್ಕಪಕ್ಕ ಕಾಣುತ್ತವೆ. ಬದಲಾಗದ ಸಾಲುಗಳು ಕೆಳಗೆ, ಬದಲಾದವು ಮೇಲೆ. ನಮ್ಮ ಉದಾಹರಣೆಯಲ್ಲಿ ಸೋಪು, ಬಿಸ್ಕತ್ತು, ಪೇಸ್ಟಿನ ತೆರಿಗೆ ಇಳಿದಿದೆ, ಪುಡಿಯ ದರ ಚೀಲಕ್ಕೆ 60 ರೂಪಾಯಿ ಏರಿದೆ, ಬಿಸ್ಕತ್ತಿನ ಸ್ಕೀಮು ಮುಗಿದಿದೆ ಎಂಬುದು ಒಂದೇ ನೋಟಕ್ಕೆ ಸಿಗಬೇಕು. ಅದರಲ್ಲೂ ಉಚಿತ ಡಬ್ಬದ ವಿಷಯ ಸೂಕ್ಷ್ಮ. ಅದು ಹಳೆಯ ಆರ್ಡರಿನಲ್ಲಿ ಸೊನ್ನೆ ರೂಪಾಯಿಯ ಬೇರೆ ಸಾಲಾಗಿ ಕುಳಿತಿರುತ್ತದೆ. ಎಚ್ಚರವಿಲ್ಲದ ನಕಲಿನಲ್ಲಿ ಆ ಸಾಲು ಸೊನ್ನೆಯಲ್ಲೇ ಬರಬಹುದು, ಇಲ್ಲವೇ ಇವತ್ತಿನ ದರ ಹಾಕಿ 11 ಡಬ್ಬದ ಬಿಲ್ಲಾಗಬಹುದು. ಎರಡೂ ತಪ್ಪು. ಉಚಿತ ಸಾಲುಗಳನ್ನು ನಕಲು ಮಾಡದೆ ಬಿಟ್ಟು, ಇವತ್ತಿನ ಸ್ಕೀಮಿಗೆ ತಕ್ಕಂತೆ ಹೊಸದಾಗಿ ಹುಟ್ಟಿಸುವುದೇ ಸರಿ.

ಇನ್ನು ದಾಸ್ತಾನು. ಗೋದಾಮಿನಲ್ಲಿ ಮೈಸೋಪು 40 ಕೇಸು ಇದೆ ಎಂದರೆ 40 ಕೇಸು ಮಾರಬಹುದು ಎಂದೇನಲ್ಲ. ಬೆಳಗಿನಿಂದ ಬಂದ ಆರ್ಡರುಗಳಿಗೆ 34 ಕೇಸು ಗೊತ್ತು ಮಾಡಿಟ್ಟಾಗಿದೆ, ಗಾಡಿಗೆ ಏರಿಸುವುದು ನಾಳೆ. ಮಾರಲು ಉಳಿದಿರುವುದು 6 ಮಾತ್ರ. ಪೋರ್ಟಲ್ ತೋರಿಸಬೇಕಾದದ್ದು ಈ ಆರನ್ನೇ ಹೊರತು ಆ ನಲವತ್ತನ್ನಲ್ಲ. ಇದನ್ನು ಹೊರಗಿನಿಂದ ಪತ್ತೆ ಹಚ್ಚುವುದು ಕಷ್ಟವಲ್ಲ. ಸಂಜೆ "ಇದೆ" ಎಂದು ತೋರಿಸಿದ ಸಾಮಾನು ಮರುದಿನ ಬಿಲ್ಲಿನಲ್ಲಿ ಮತ್ತೆ ಮತ್ತೆ ಕಡಿತವಾಗಿ ಬರುತ್ತಿದ್ದರೆ ಆ ಪೋರ್ಟಲ್ ಗೊತ್ತಾದ ಮಾಲನ್ನು ಕಳೆಯದೆ ಲೆಕ್ಕ ತೋರಿಸುತ್ತಿದೆ ಎಂದರ್ಥ.

ಆರು ಎಂದು ಸರಿಯಾಗಿ ತೋರಿಸಿದರೂ ಇನ್ನೊಂದು ತೊಡಕು ಇದೆ. ನಮ್ಮ ಅಂಗಡಿಯವರು 4 ಕೇಸು ಸೋಪು ಕಾರ್ಟಿಗೆ ಹಾಕಿಕೊಂಡು ಪುಡಿಯ ದರ ಯೋಚಿಸುತ್ತಾ ಕುಳಿತಿದ್ದಾರೆ. ಅದೇ ಹೊತ್ತಿಗೆ ಊರಿನ ಇನ್ನೊಂದು ತುದಿಯ ಅಂಗಡಿಯವರೂ 4 ಕೇಸು ಹಾಕಿಕೊಂಡಿದ್ದಾರೆ. ಇಬ್ಬರಿಗೂ 6 ಎಂದೇ ಕಾಣುತ್ತಿದೆ, ಇಬ್ಬರೂ ಒಂದೇ ನಿಮಿಷದಲ್ಲಿ "ಖಚಿತಪಡಿಸಿ" ಒತ್ತುತ್ತಾರೆ. ತಂತ್ರಾಂಶ ಮೊದಲು ದಾಸ್ತಾನು ಓದಿ, ಸಾಕಷ್ಟಿದೆ ಎಂದು ತೀರ್ಮಾನಿಸಿ, ಆಮೇಲೆ ಕಳೆಯುವಂತೆ ಬರೆದಿದ್ದರೆ ಎರಡೂ ಆರ್ಡರುಗಳು ದಾಟಿಹೋಗುತ್ತವೆ. ಆರು ಕೇಸಿನಲ್ಲಿ ಎಂಟು ಮಾರಿದಂತಾಯಿತು. ಓದುವುದಕ್ಕೂ ಕಳೆಯುವುದಕ್ಕೂ ನಡುವಿನ ಆ ಸಣ್ಣ ಬಿರುಕೇ ಇದಕ್ಕೆ ಕಾರಣ. ಹಾಗಾಗಿ ಎರಡನ್ನೂ ಒಂದೇ ಆಜ್ಞೆಯಾಗಿ ದತ್ತಸಂಚಯಕ್ಕೆ ಕೊಡಬೇಕು: ಉಳಿದಿರುವುದು ನಾಲ್ಕೋ ಅದಕ್ಕಿಂತ ಹೆಚ್ಚೋ ಆಗಿದ್ದರೆ ಮಾತ್ರ ನಾಲ್ಕನ್ನು ಇವರ ಹೆಸರಿಗೆ ಹಿಡಿದಿಡು, ಇಲ್ಲದಿದ್ದರೆ ಏನೂ ಮಾಡಬೇಡ. ಆಗ ಮೊದಲು ಬಂದವರಿಗೆ ನಾಲ್ಕು ಸಿಗುತ್ತದೆ, ಎರಡನೆಯವರಿಗೆ "ಈಗ ಎರಡೇ ಕೇಸು ಉಳಿದಿದೆ" ಎಂಬ ಉತ್ತರ ತಕ್ಷಣ ಬರುತ್ತದೆ.

ಕಾರ್ಟಿಗೆ ಹಾಕಿದಾಗಲೇ ಯಾಕೆ ಹಿಡಿದಿಡಬಾರದು? ಹಾಗೆ ಮಾಡುವ ಪೋರ್ಟಲ್ಲುಗಳೂ ಇವೆ. ಆದರೆ ಹಬ್ಬದ ಮುಂದೆ ಹತ್ತಾರು ಅಂಗಡಿಯವರು ಕಾರ್ಟ್ ತುಂಬಿಸಿ ಮರೆತರೆ ಗೋದಾಮಿನ ಮಾಲು ಯಾರಿಗೂ ಸಿಗದೆ ಕೂರುತ್ತದೆ. ದಾಸ್ತಾನನ್ನು ಕಾರ್ಟ್ ತುಂಬುವಾಗ ಒಮ್ಮೆ ನೋಡಿ, ಖಚಿತಪಡಿಸುವಾಗ ಮತ್ತೊಮ್ಮೆ ನೋಡಿ, ಹಿಡಿದಿಡುವುದನ್ನು ಎರಡನೆಯ ಸಲವೇ ಮಾಡುವುದು ಸಗಟು ವ್ಯಾಪಾರಕ್ಕೆ ಹೆಚ್ಚು ಹೊಂದುತ್ತದೆ. ಬೆಲೆಗೂ ಇದೇ ನಿಯಮ. ಕಾರ್ಟ್ ತುಂಬಿದ ಮೇಲೆ, ಖಚಿತಪಡಿಸುವ ಮೊದಲು ದರ ಬದಲಾದರೆ ಪೋರ್ಟಲ್ ಅಲ್ಲೇ ನಿಂತು ಹೊಸ ದರ ತೋರಿಸಿ ಇನ್ನೊಮ್ಮೆ ಒಪ್ಪಿಗೆ ಕೇಳಬೇಕು.

ಸಿದ್ಧವಾಗಿ ಸಿಗುವ ತಂತ್ರಾಂಶಗಳು ಈ ಕೆಲಸವನ್ನು ಬೇರೆ ಬೇರೆ ಮಟ್ಟದಲ್ಲಿ ಮಾಡುತ್ತವೆ. ಸಣ್ಣ ವ್ಯಾಪಾರಿಗಳಲ್ಲಿ ಬಹಳ ಬಳಕೆಯಲ್ಲಿರುವ ವೂಕಾಮರ್ಸ್‌ನಲ್ಲಿ ಹಳೆಯ ಆರ್ಡರಿನ ಪುಟದಲ್ಲಿ `Order again` ಎಂಬ ಗುಂಡಿ ಬರುತ್ತದೆ. ಬೇರೆ ಹೊಂದಿಕೆ ಮಾಡದಿದ್ದರೆ ಅದು ಪೂರ್ಣಗೊಂಡ ಆರ್ಡರುಗಳಿಗೆ ಮಾತ್ರ ಕಾಣುತ್ತದೆ. ಒತ್ತಿದರೆ ಸಾಮಾನುಗಳು ಕಾರ್ಟಿಗೆ ಬರುತ್ತವೆ, ಬೆಲೆ ಇವತ್ತಿನದೇ ಇರುತ್ತದೆ. ದಾಸ್ತಾನಿಲ್ಲದ ಸಾಮಾನುಗಳನ್ನು ಬಿಟ್ಟು, ಇಷ್ಟು ಸಾಮಾನು ಸೇರಿಸಲಾಗಲಿಲ್ಲ ಎಂದು ಮೇಲೆ ಒಂದು ಸಾಲಿನ ಸೂಚನೆ ಕೊಡುತ್ತದೆ. ಆ ಸೂಚನೆ ಹೇಳುವುದು ಸಂಖ್ಯೆಯನ್ನು ಮಾತ್ರ, ಹೆಸರುಗಳನ್ನಲ್ಲ. ಮೂವತ್ತು ಸಾಲಿನ ಆರ್ಡರಿನಲ್ಲಿ ಎರಡು ಸಾಮಾನು ಇಲ್ಲ ಎಂದರೆ ಯಾವ ಎರಡು ಎಂದು ಅಂಗಡಿಯವರೇ ಹುಡುಕಬೇಕು. ಅಂದಿನ ಇಂದಿನ ದರಗಳನ್ನು ಅಕ್ಕಪಕ್ಕ ತೋರಿಸುವ ವ್ಯವಸ್ಥೆಯೂ ಅದರಲ್ಲಿ ತಾನಾಗಿ ಇಲ್ಲ. ಸಗಟು ವ್ಯಾಪಾರಕ್ಕೆ ಇದನ್ನು ಬಳಸುವವರು ಈ ಎರಡನ್ನಾದರೂ ಹೆಚ್ಚಿಗೆ ಮಾಡಿಸಿಕೊಳ್ಳಬೇಕು. ಹಣ ಕಟ್ಟದ ಆರ್ಡರಿಗೆ ಮಾಲನ್ನು ಎಷ್ಟು ಹೊತ್ತು ಹಿಡಿದಿಡಬೇಕು ಎಂಬುದನ್ನು ಅದರಲ್ಲಿ `Hold stock (minutes)` ಎಂಬ ಕಡೆ ಬದಲಿಸಬಹುದು. ಮೊದಲಿಗೆ ಅಲ್ಲಿ 60 ನಿಮಿಷ ಎಂದಿರುತ್ತದೆ.

ಉದ್ರಿಯ ಲೆಕ್ಕವೂ ಮುಖ್ಯ. ಆಗಸ್ಟಿನಲ್ಲಿ 32,450 ರೂಪಾಯಿಯ ಆರ್ಡರ್ ದಾಟಿತ್ತು ಎಂದ ಮಾತ್ರಕ್ಕೆ ಅಕ್ಟೋಬರಿನಲ್ಲೂ ದಾಟುತ್ತದೆ ಎಂದಲ್ಲ. ಅಂಗಡಿಯ ಉದ್ರಿ ಮಿತಿ 50,000 ಇದ್ದು, ಕಟ್ಟಬೇಕಾದ ಬಾಕಿ 25,000 ಆಗಿದ್ದರೆ ಉಳಿದಿರುವುದು 25,000ದ ಜಾಗ ಮಾತ್ರ. ಇದನ್ನು ಮೂವತ್ತು ಸಾಲುಗಳನ್ನು ತಿದ್ದಿ ಮುಗಿಸಿದ ಮೇಲೆ ಹೇಳುವ ಪೋರ್ಟಲ್ ಅಂಗಡಿಯವರ ಅರ್ಧ ಗಂಟೆಯನ್ನು ವ್ಯರ್ಥ ಮಾಡುತ್ತದೆ. ಕಾರ್ಟ್ ತೆರೆದ ಕೂಡಲೇ ಮೇಲ್ಗಡೆ ಅದು ಕಾಣಬೇಕು.

ವಿತರಕರು ತಮ್ಮ ಪೋರ್ಟಲ್ ಸರಿಯಿದೆಯೇ ಎಂದು ತಾವೇ ಪರೀಕ್ಷಿಸಿಕೊಳ್ಳಬಹುದು, ಅದಕ್ಕೆ ತಂತ್ರಜ್ಞರು ಬೇಕಿಲ್ಲ. 2025ರ ಸೆಪ್ಟೆಂಬರ್ 22ಕ್ಕಿಂತ ಮುಂಚಿನ ಬಿಸ್ಕತ್ತಿನ ಆರ್ಡರ್ ಒಂದನ್ನು ಮತ್ತೆ ಹಾಕಿದರೆ ಶೇಕಡಾ 5 ತೆರಿಗೆ ಬರಬೇಕು. ಕಾರ್ಟಿನಲ್ಲಿ ಬೇರೆ ಸಾಮಾನು ಇರುವಾಗಲೇ ಗುಂಡಿ ಒತ್ತಿದರೆ "ಇದ್ದದ್ದಕ್ಕೆ ಸೇರಿಸಲೇ, ಅದನ್ನು ತೆಗೆದು ಹೊಸದಾಗಿ ತುಂಬಲೇ" ಎಂದು ಕೇಳಬೇಕು. ಕೇಳದೆ ಸೇರಿಸಿದರೆ ಕೆಲವು ಸಾಮಾನು ಎರಡೆರಡು ಸಲ ಬರುತ್ತವೆ. ನೆಟ್‌ವರ್ಕ್ ನಿಧಾನವಿರುವ ಕಡೆ ಹೋಗಿ "ಖಚಿತಪಡಿಸಿ" ಗುಂಡಿಯನ್ನು ಎರಡು ಮೂರು ಸಲ ಒತ್ತಿ ನೋಡಬೇಕು. ಒಂದೇ ಆರ್ಡರ್ ಆದರೆ ಸರಿ. ಎರಡಾದರೆ, ಒಂದು ಕಾರ್ಟಿಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟು, ಆ ಸಂಖ್ಯೆ ಎರಡನೆಯ ಸಲ ಬಂದರೆ ಹೊಸ ಆರ್ಡರ್ ಹುಟ್ಟಿಸದಂತೆ ತಿದ್ದಿಸಬೇಕು.

ದಾವಣಗೆರೆಯ ಆ ಆರ್ಡರಿನಲ್ಲಿ ಕೊನೆಗೆ ಟೂತ್‌ಪೇಸ್ಟ್ ಉಳಿಯಿತು. ಕೇಳಿದ್ದು 2 ಕೇಸು, ಇದ್ದದ್ದು 1. ಉಳಿದ ಮೂರು ಬಗೆಯ ಸಾಮಾನು ಪೂರ್ತಿಯಾಗಿಯೂ ಪೇಸ್ಟು ಒಂದೇ ಕೇಸೂ ಸೇರಿ ಬಿಲ್ಲು 27,054 ರೂಪಾಯಿ. ಇಷ್ಟಾದರೂ ಉದ್ರಿಯಲ್ಲಿರುವ 25,000ದ ಜಾಗಕ್ಕೆ ಇದು ಹಿಡಿಸುವುದಿಲ್ಲ. ಅಂಗಡಿಯವರು ಹಳೆಯ ಬಾಕಿಯಲ್ಲಿ 5,000 ರೂಪಾಯಿಯನ್ನು ಪೋರ್ಟಲ್ಲಿನಲ್ಲೇ ಯುಪಿಐ ಮೂಲಕ ಕಟ್ಟಿ ಆರ್ಡರ್ ಖಚಿತಪಡಿಸುತ್ತಾರೆ. ಬಾರದ ಇನ್ನೊಂದು ಕೇಸು ಪೇಸ್ಟನ್ನು ಪೋರ್ಟಲ್ ಸದ್ದಿಲ್ಲದೆ ಕೈಬಿಡಬಾರದು, ಮಾಲು ಬಂದಾಗ ಇವತ್ತಿನ ದರದಲ್ಲೇ ಕಳಿಸುತ್ತೇವೆ ಎಂಬ ಮಾತನ್ನೂ ಕೊಡಬಾರದು. ಅದನ್ನು ಬಾಕಿ ಆರ್ಡರ್ ಎಂದು ಬೇರೆಯಾಗಿ ಬರೆದಿಟ್ಟು, ಗೋದಾಮಿಗೆ ಮಾಲು ಇಳಿದ ದಿನ ಆ ದಿನದ ದರ ಮತ್ತು ತೆರಿಗೆಯೊಂದಿಗೆ ಅಂಗಡಿಯವರ ಮೊಬೈಲಿಗೆ ಕಳಿಸಿ, ಬೇಕೇ ಬೇಡವೇ ಎಂದು ಕೇಳಿ ಬಿಲ್ಲು ಮಾಡಬೇಕು.